ಒಂದು ತಾಸು, ಒಂದು ತಾಸಿನಲ್ಲಿ: ಕನ್ನಡದ ಕ್ರಿಯೆಗಳನ್ನು ನಾಲ್ಕಾಗಿ ವಿಂಗಡಿಸುವ ಬಗೆ

ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ನಿಂತು "ಒಂದು ತಾಸು ಮಳೆ ಬಂತು" ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಮಾತಿನಿಂದ ಮಳೆಯನ್ನು ತೆಗೆದು "ಒಂದು ತಾಸು ಬಸ್ ಬಂತು" ಎಂದರೆ ಪಕ್ಕದವರು "ಏನಂದಿರಿ?" ಎಂದು ಕೇಳುತ್ತಾರೆ. ಎರಡರಲ್ಲೂ ಕ್ರಿಯಾಪದ ಒಂದೇ, ಕಾಲವೂ ಒಂದೇ. ಶಾಲೆಯಲ್ಲಿ ಕಲಿತ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಖಾನೆಗಳಲ್ಲಿ ಎಷ್ಟು ತಡಕಾಡಿದರೂ ಈ ವ್ಯತ್ಯಾಸಕ್ಕೆ ಕಾರಣ ಸಿಗುವುದಿಲ್ಲ. ಕ್ರಿಯೆ ಯಾವಾಗ ನಡೆಯಿತು ಎಂಬುದನ್ನಷ್ಟೇ ಕಾಲ ಹೇಳುತ್ತದೆ. ಆ ಕ್ರಿಯೆ ಎಂಥದ್ದು, ಅದಕ್ಕೆ ಉದ್ದವಿದೆಯೇ, ತನ್ನದೇ ಆದ ಒಂದು ಕೊನೆಯಿದೆಯೇ ಎಂಬುದು ಬೇರೆ ವಿಚಾರ. ಭಾಷಾಶಾಸ್ತ್ರದವರು ಅದನ್ನು ಲೆಕ್ಸಿಕಲ್ ಆಸ್ಪೆಕ್ಟ್ ಎನ್ನುತ್ತಾರೆ. ನಾನು ಇಲ್ಲಿ ಕ್ರಿಯಾಸ್ವರೂಪ ಎನ್ನುತ್ತೇನೆ.

ಕೊನೆಯುಳ್ಳ ಕ್ರಿಯೆ ಮತ್ತು ಕೊನೆಯಿಲ್ಲದ ಕ್ರಿಯೆ ಎಂಬ ಭೇದ ಅರಿಸ್ಟಾಟಲನಷ್ಟು ಹಳೆಯದು. ಅದಕ್ಕೆ ನಾಲ್ಕು ವರ್ಗಗಳ ರೂಪ ಕೊಟ್ಟು, ಇಂದಿಗೂ ಎಲ್ಲರೂ ಬಳಸುವಂತೆ ಮಾಡಿದವರು ತತ್ತ್ವಶಾಸ್ತ್ರಜ್ಞ ಜೀನೋ ವೆಂಡ್ಲರ್, 1957ರ ಲೇಖನವೊಂದರಲ್ಲಿ. ಮೊದಲನೆಯದು ಸ್ಥಿತಿ: ಗೊತ್ತಿರುವುದು, ಇರುವುದು, ಬೇಕಾಗಿರುವುದು. ಎರಡನೆಯದು ಚಟುವಟಿಕೆ: ನಡೆಯುವುದು, ಹರಟುವುದು, ಈಜುವುದು. ಮೂರನೆಯದು, ಸ್ವಲ್ಪ ಹೊತ್ತು ಸಾಗಿ ಒಂದು ಗುರಿಯಲ್ಲಿ ಮುಗಿಯುವ ಕೆಲಸ: ಗೋಡೆ ಕಟ್ಟುವುದು, ಬಾವಿ ತೋಡುವುದು. ಇಂಗ್ಲಿಷಿನಲ್ಲಿ ಇದು ಅಕಾಂಪ್ಲಿಷ್‌ಮೆಂಟ್. ನಾನು ಕಾರ್ಯಪೂರ್ತಿ ಎನ್ನುವೆ. ನಾಲ್ಕನೆಯದು, ಸಾಗುವ ಹೊತ್ತೇ ಇಲ್ಲದೆ ಒಮ್ಮೆಲೇ ಆಗಿಹೋಗುವಂಥದ್ದು: ಸಿಗುವುದು, ಒಡೆಯುವುದು, ತಲುಪುವುದು. ಇಂಗ್ಲಿಷಿನ ಅಚೀವ್‌ಮೆಂಟ್, ಇಲ್ಲಿ ಕ್ಷಣಘಟನೆ. ಮೂರು ಮತ್ತು ನಾಲ್ಕನೆಯವಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರುಗಳು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ ಓದುವವರು ಪ್ರತಿ ಸಲವೂ ಅದಲುಬದಲು ಮಾಡಿಕೊಳ್ಳುತ್ತಾರೆ. ಹೆಸರನ್ನು ಬಾಯಿಪಾಠ ಮಾಡುವ ಬದಲು ಪರೀಕ್ಷೆಯನ್ನು ಕಲಿಯುವುದು ಮೇಲು.

ಪರೀಕ್ಷೆ ಸರಳ. ಇಂಗ್ಲಿಷಿನಲ್ಲಿ "ಇನ್ ಆ್ಯನ್ ಅವರ್" ಮತ್ತು "ಫಾರ್ ಆ್ಯನ್ ಅವರ್" ಎಂಬ ಎರಡು ಪದಗುಚ್ಛಗಳನ್ನು ವಾಕ್ಯಕ್ಕೆ ಸೇರಿಸಿ ಯಾವುದು ಒಗ್ಗುತ್ತದೆ ಎಂದು ನೋಡುತ್ತಾರೆ. ಅದನ್ನು ಕನ್ನಡಕ್ಕೆ ತರುವಾಗ ಕೆಲವು ಕಡೆ ಕಾಲು ಜಾರುತ್ತದೆ. ಈ ಬರಹದ ಹೆಚ್ಚಿನ ಭಾಗ ಆ ಜಾರುವ ಜಾಗಗಳ ಬಗ್ಗೆಯೇ. ಮುಂದೆ, ಒಗ್ಗದ ವಾಕ್ಯದ ಮೊದಲಿಗೆ * ಗುರುತು ಹಾಕುತ್ತೇನೆ.

ಮೊದಲು ಅಳತೆಗೋಲನ್ನು ಸರಿಮಾಡಿಕೊಳ್ಳಿ

ಪಠ್ಯಗಳು ಸಾಮಾನ್ಯವಾಗಿ "ಒಂದು ಗಂಟೆ" ಎಂದು ಬರೆಯುತ್ತವೆ. ಆದರೆ ಗಂಟೆ ಎಂಬುದು ಗಡಿಯಾರದ ಹೊತ್ತನ್ನೂ ಸೂಚಿಸುತ್ತದೆ, ಅವಧಿಯನ್ನೂ ಸೂಚಿಸುತ್ತದೆ. "ಒಂದು ಗಂಟೆಗೆ ಬಂದ" ಎಂದರೆ ಮಧ್ಯಾಹ್ನ ಊಟದ ಹೊತ್ತಿಗೆ ಬಂದ ಎಂದು. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಈ ತೊಂದರೆ ಕಡಿಮೆ; ನಮ್ಮಲ್ಲಿ ಅವಧಿಗೆ ತಾಸು ಇದೆ. ಪರೀಕ್ಷೆಗೆ ತಾಸನ್ನೇ ಬಳಸಿ. ನಿಮಗೆ ಬೇಕಾದ ಜೋಡಿ ಇಷ್ಟೇ: ಪ್ರತ್ಯಯವಿಲ್ಲದ "ಒಂದು ತಾಸು" ಮತ್ತು ಸಪ್ತಮಿ ಹತ್ತಿದ "ಒಂದು ತಾಸಿನಲ್ಲಿ". ಕ್ರಿಯೆಗೆ ತಕ್ಕಂತೆ ತಾಸಿನ ಜಾಗದಲ್ಲಿ ನಿಮಿಷ, ದಿನ, ವರ್ಷ ಯಾವುದನ್ನಾದರೂ ಇಡಬಹುದು. ಬಾವಿ ತೋಡುವುದಕ್ಕೆ ಹತ್ತು ನಿಮಿಷ ಕೊಟ್ಟು ವಾಕ್ಯ ಒಗ್ಗಲಿಲ್ಲ ಎಂದರೆ ತಪ್ಪು ವ್ಯಾಕರಣದ್ದಲ್ಲ.

ಹತ್ತಿರದ ಬೇರೆ ರೂಪಗಳನ್ನು ದೂರವಿಡಿ. "ಒಂದು ತಾಸಿನಿಂದ" ಎಂಬುದು ಇನ್ನೂ ಮುಗಿಯದ ಹೊತ್ತನ್ನು ಅಳೆಯುತ್ತದೆ, ಆದ್ದರಿಂದ "ಒಂದು ತಾಸಿನಿಂದ ಗೋಡೆ ಕಟ್ಟುತ್ತಿದ್ದಾನೆ" ಎಂಬುದೂ ಒಗ್ಗುತ್ತದೆ, "ಒಂದು ತಾಸಿನಿಂದ ನಡೆಯುತ್ತಿದ್ದಾನೆ" ಎಂಬುದೂ ಒಗ್ಗುತ್ತದೆ; ಭೇದ ಕಾಣಿಸುವುದಿಲ್ಲ. "ಒಂದು ತಾಸಿನೊಳಗೆ" ಎಂಬುದು ಗಡುವು, ಅಳತೆಯಲ್ಲ. ಭವಿಷ್ಯತ್ತನ್ನೂ ಬಿಡಿ: "ಒಂದು ತಾಸಿನಲ್ಲಿ ಓದುತ್ತೇನೆ" ಎಂದರೆ ತಾಸಿನ ಬಳಿಕ ಓದಲು ಕೂರುತ್ತೇನೆ ಎಂದೂ ಆಗಬಹುದು, ಓದಿ ಮುಗಿಸುತ್ತೇನೆ ಎಂದೂ ಆಗಬಹುದು.

ಕ್ರಿಯಾಪದವನ್ನು ಸರಳ ಭೂತಕಾಲದಲ್ಲಿಡಿ: ನಡೆದ, ಕಟ್ಟಿದ, ಬಂತು. ಇದು ಬಹಳ ಮುಖ್ಯ. "ಬಾಗಿಲು ಎರಡು ತಾಸು ತೆರೆದಿತ್ತು" ಎಂಬ ವಾಕ್ಯ ಸಲೀಸಾಗಿ ನಿಲ್ಲುತ್ತದೆ, ಆದರೆ ಅಲ್ಲಿ ಎರಡು ತಾಸು ಅಳೆಯುತ್ತಿರುವುದು ತೆರೆಯುವ ಕ್ರಿಯೆಯನ್ನಲ್ಲ, ತೆರೆದ ನಂತರದ ಬಾಗಿಲಿನ ಸ್ಥಿತಿಯನ್ನು. ಕೊನೆಯಲ್ಲಿರುವ "ಇತ್ತು" ಯಾವ ಕ್ರಿಯೆಯನ್ನು ಬೇಕಾದರೂ ಸ್ಥಿತಿಯಾಗಿ ಮಾಡಬಲ್ಲದು. "-ಉತ್ತಿದ್ದ" ಕೂಡ ಹಾಗೆಯೇ. ಅದು ಕೊನೆಯನ್ನು ಮರೆಮಾಚುತ್ತದೆ.

ಮೊದಲ ಹೆಜ್ಜೆ: ಕೊನೆಯಿದೆಯೇ?

ಮೂರು ವಾಕ್ಯಗಳನ್ನು ತೆಗೆದುಕೊಳ್ಳಿ.

ಅವನು ಒಂದು ತಾಸು ನಡೆದ. / * ಅವನು ಒಂದು ತಾಸಿನಲ್ಲಿ ನಡೆದ.

ಅವನು ಎರಡು ದಿನದಲ್ಲಿ ಒಂದು ಗೋಡೆ ಕಟ್ಟಿದ. / * ಅವನು ಎರಡು ದಿನ ಒಂದು ಗೋಡೆ ಕಟ್ಟಿದ.

ಹತ್ತು ನಿಮಿಷದಲ್ಲಿ ಕೀಲಿ ಸಿಕ್ಕಿತು. / * ಹತ್ತು ನಿಮಿಷ ಕೀಲಿ ಸಿಕ್ಕಿತು.

"ನಡೆದ" ಎಂಬುದರಲ್ಲಿ, ಇಲ್ಲಿಗೆ ಮುಗಿಯಿತು ಎನ್ನುವ ಜಾಗವಿಲ್ಲ. ಆದ್ದರಿಂದ ಅದಕ್ಕೆ ಬರೀ ತಾಸು ಹೊಂದುತ್ತದೆ. ಗೋಡೆಗೂ ಕೀಲಿಗೂ ಮುಗಿಯುವ ಜಾಗವಿದೆ, ಅವು "ತಾಸಿನಲ್ಲಿ" ಎಂಬ ರೂಪವನ್ನು ಬೇಡುತ್ತವೆ. ಎರಡನೆಯ ಸಾಲಿನ ತಪ್ಪು ಮೂರನೆಯದರಷ್ಟು ಎದ್ದು ಕಾಣುವುದಿಲ್ಲ. ಕಾರಣಕ್ಕೆ ಮುಂದೆ ಬರುತ್ತೇನೆ.

ಇಷ್ಟರಲ್ಲೇ ಸಂಶಯ ಉಳಿದರೆ ಇನ್ನೊಂದು ಉಪಾಯವಿದೆ: ಕ್ರಿಯೆಯನ್ನು ನಡುವೆ ತಡೆಯುವುದು. ನಡೆಯುತ್ತಿದ್ದವನನ್ನು ಅರ್ಧ ದಾರಿಯಲ್ಲಿ ತಡೆದು "ಇವನು ನಡೆದಿದ್ದಾನೆಯೇ?" ಎಂದರೆ ಉತ್ತರ ಹೌದು. ಗೋಡೆ ಕಟ್ಟುತ್ತಿದ್ದವನನ್ನು ಮೊಣಕಾಲೆತ್ತರದಲ್ಲಿ ತಡೆದು "ಇವನು ಒಂದು ಗೋಡೆ ಕಟ್ಟಿದ್ದಾನೆಯೇ?" ಎಂದರೆ ಇಲ್ಲ ಎನ್ನಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಸ್ಥಿತಿಯೋ ಚಟುವಟಿಕೆಯೋ?

ಬರೀ ತಾಸಿಗೆ ಒಗ್ಗಿದವುಗಳಲ್ಲಿ ಎರಡು ಬಗೆ ಬೆರೆತಿರುತ್ತವೆ. "ಎರಡು ವರ್ಷ ಸಿಂಧನೂರಿನಲ್ಲಿದ್ದ" ಎಂಬುದೂ ಒಗ್ಗುತ್ತದೆ, "ಎರಡು ತಾಸು ಹರಟಿದ" ಎಂಬುದೂ ಒಗ್ಗುತ್ತದೆ. ತಾಸಿನ ಪರೀಕ್ಷೆಗೆ ಇವೆರಡನ್ನು ಬೇರ್ಪಡಿಸುವ ಶಕ್ತಿಯಿಲ್ಲ. ಇಲ್ಲಿ ಕನ್ನಡದ ವರ್ತಮಾನ ರೂಪವೇ ನೆರವಿಗೆ ಬರುತ್ತದೆ. "ಅವನು ನಡೆಯುತ್ತಾನೆ" ಎಂದರೆ ಅವನಿಗೆ ನಡೆಯುವ ರೂಢಿಯಿದೆ ಅಥವಾ ಮುಂದೆ ನಡೆಯುತ್ತಾನೆ. ಈ ಕ್ಷಣಕ್ಕೆ "ನಡೆಯುತ್ತಿದ್ದಾನೆ" ಬೇಕು. ಸ್ಥಿತಿಗೆ ಆ ಅಗತ್ಯವಿಲ್ಲ: "ಅವನು ಮನೆಯಲ್ಲಿದ್ದಾನೆ", "ಅವನಿಗೆ ದಾರಿ ಗೊತ್ತು", "ನನಗೆ ನೀರು ಬೇಕು" ಎಲ್ಲವೂ ಈ ಕ್ಷಣದವೇ. ಜೊತೆಗೆ "ಅವನು ಏನು ಮಾಡಿದ?" ಎಂಬ ಪ್ರಶ್ನೆಗೆ "ಹರಟಿದ" ಉತ್ತರವಾಗುತ್ತದೆ, "ಅವನಿಗೆ ದಾರಿ ಗೊತ್ತಿತ್ತು" ಆಗುವುದಿಲ್ಲ.

ಕನ್ನಡದ ಇನ್ನೊಂದು ಅನುಕೂಲವೆಂದರೆ ಇರು ಮತ್ತು ಆಗು. ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ ಕೆಲವೊಮ್ಮೆ ಸ್ಥಿತಿಯನ್ನೂ ಆ ಸ್ಥಿತಿ ಆರಂಭವಾದ ಗಳಿಗೆಯನ್ನೂ ಹೇಳಿ ಗೊಂದಲ ಮಾಡುತ್ತದೆ. ನಮ್ಮಲ್ಲಿ "ಗೊತ್ತಿತ್ತು" ಸ್ಥಿತಿ, "ಗೊತ್ತಾಯಿತು" ಕ್ಷಣಘಟನೆ. "ಇಷ್ಟವಿತ್ತು", "ಇಷ್ಟವಾಯಿತು", "ಬೇಸರವಿತ್ತು", "ಬೇಸರವಾಯಿತು". ಹಾಗಾಗಿ "ಹತ್ತು ನಿಮಿಷದಲ್ಲಿ ವಿಷಯ ಗೊತ್ತಾಯಿತು" ಸರಿ, "* ಹತ್ತು ನಿಮಿಷದಲ್ಲಿ ವಿಷಯ ಗೊತ್ತಿತ್ತು" ಸರಿಯಲ್ಲ. ವೆಂಡ್ಲರ್ ಪರೀಕ್ಷೆಗಳಿಂದ ಅಗೆದು ತೆಗೆದ ಭೇದವನ್ನು ಕನ್ನಡ ಈ ಒಂದು ಮೂಲೆಯಲ್ಲಿ ಪದಗಳಲ್ಲೇ ತೋರಿಸಿಬಿಡುತ್ತದೆ.

ಮೂರನೆಯ ಹೆಜ್ಜೆ: ತಾಸು ಏನನ್ನು ಅಳೆಯುತ್ತಿದೆ?

"ತಾಸಿನಲ್ಲಿ" ಒಪ್ಪಿಕೊಂಡವುಗಳಲ್ಲೂ ಎರಡು ಬಗೆ ಉಂಟು. ಹೊರಗಿನಿಂದ ಅವು ಒಂದೇ ತರಹ ಕಾಣುತ್ತವೆ: "ಎರಡು ದಿನದಲ್ಲಿ ಗೋಡೆ ಕಟ್ಟಿದ", "ಎರಡು ದಿನದಲ್ಲಿ ಕೀಲಿ ಸಿಕ್ಕಿತು". ಬೇರ್ಪಡಿಸಲು, ಆ ಎರಡು ದಿನ ಏನು ನಡೆಯುತ್ತಿತ್ತು ಎಂದು ಕೇಳಿ. ಮೊದಲನೆಯದರಲ್ಲಿ ಎರಡು ದಿನವೂ ಗೋಡೆ ಕಟ್ಟುವುದೇ ನಡೆಯುತ್ತಿತ್ತು. ಎರಡನೆಯದರಲ್ಲಿ ಸಿಗುವುದು ನಡೆಯುತ್ತಿರಲಿಲ್ಲ, ಹುಡುಕುವುದು ನಡೆಯುತ್ತಿತ್ತು. ಇಲ್ಲವೇ ಯಾರೂ ಏನೂ ಮಾಡದೆ ಸುಮ್ಮನಿದ್ದರು. ಅಂದರೆ ಕಾರ್ಯಪೂರ್ತಿಯಲ್ಲಿ ಅಳತೆ ಕ್ರಿಯೆಯದು. ಕ್ಷಣಘಟನೆಯಲ್ಲಿ ಅಳತೆ ಅದಕ್ಕೂ ಹಿಂದಿನ ಕಾಯುವಿಕೆಯದು.

ಇದನ್ನು ಖಚಿತಪಡಿಸಿಕೊಳ್ಳಲು "ಅರ್ಧ" ಎಂಬ ಪದ ಸೇರಿಸಿ ನೋಡಿ. "ಗೋಡೆಯನ್ನು ಅರ್ಧ ಕಟ್ಟಿದ" ಒಗ್ಗುತ್ತದೆ. "* ಕೀಲಿ ಅರ್ಧ ಸಿಕ್ಕಿತು" ನಗು ತರಿಸುತ್ತದೆ. ಉದ್ದವಿಲ್ಲದ ಕ್ರಿಯೆಗೆ ಅರ್ಧವೂ ಇಲ್ಲ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತಿತು. "ಎಂಟು ವರ್ಷದಲ್ಲಿ ಅಣೆಕಟ್ಟು ಕಟ್ಟಿದರು" ಎನ್ನುವಾಗ ಆ ಎಂಟು ವರ್ಷ ಕಲ್ಲು, ಗಾರೆ, ಕೂಲಿಗಳಿಂದ ತುಂಬಿವೆ. ಇನ್ನೊಂದು ಕಡೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಪತ್ತೆಯಾದದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ. ಅದು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇತ್ತು, ಆದರೆ ಆ ಕಾಲವೆಲ್ಲ "ಪತ್ತೆಯಾಗುವಿಕೆ" ನಡೆಯುತ್ತಿತ್ತು ಎನ್ನಲು ಬರುವುದಿಲ್ಲ.

ಇದೇ ಉದಾಹರಣೆಯಲ್ಲಿ ಒಂದು ಬಲೆಯೂ ಇದೆ. "1915ರಲ್ಲಿ ಪತ್ತೆಯಾಯಿತು" ಎಂಬಲ್ಲಿ ಸಪ್ತಮಿಯಿದೆ, ಆದರೆ ಅದು ನಮ್ಮ ಸಪ್ತಮಿಯಲ್ಲ. ಅದು ಯಾವಾಗ ಎಂದು ಹೇಳುತ್ತದೆ, ಎಷ್ಟು ಹೊತ್ತು ಎಂದಲ್ಲ. "ಬೇಸಿಗೆಯಲ್ಲಿ ನಡೆದ", "ರಾತ್ರಿಯಲ್ಲಿ ಹರಟಿದ" ಎಂಬವೂ ಹಾಗೆಯೇ. ಇವನ್ನು ಹಿಡಿದು ನಡೆಯುವುದಕ್ಕೂ ಕೊನೆಯುಂಟು ಎಂದು ವಾದಿಸುವವರನ್ನು ಕಂಡಿದ್ದೇನೆ. ಎಣಿಸಬಹುದಾದ ಅಳತೆ, ಅಂದರೆ ಎರಡು, ಹತ್ತು, ಅರ್ಧ ಎಂಬ ಸಂಖ್ಯೆ ಮುಂದಿಲ್ಲದಿದ್ದರೆ ಆ ಸಪ್ತಮಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕರ್ಮಪದ ಬದಲಾದರೆ ವರ್ಗವೂ ಬದಲಾಗುತ್ತದೆ

ಗಂಗಾವತಿಯ ಕಡೆ ಸುಗ್ಗಿಯಲ್ಲಿ ಕೇಳಬಹುದಾದ ಮಾತು: "ಕೂಲಿಯವರು ಎರಡು ದಿನ ಭತ್ತ ಕೊಯ್ದರು." ಇದು ಚಟುವಟಿಕೆ. ಎಷ್ಟು ಭತ್ತ ಎಂಬ ಮಾತೇ ಇಲ್ಲ, ಇನ್ನೂ ನಾಲ್ಕು ದಿನ ಕೊಯ್ಯಬಹುದು. ಈಗ ಒಂದು ಅಳತೆಯನ್ನು ಸೇರಿಸಿ: "ಕೂಲಿಯವರು ಎರಡು ದಿನದಲ್ಲಿ ಮೂರು ಎಕರೆ ಭತ್ತ ಕೊಯ್ದರು." ಇದು ಕಾರ್ಯಪೂರ್ತಿ. ಕೊಯ್ಯುವುದು ಅದೇ, ಕುಡುಗೋಲು ಅದೇ. ಆದರೆ ಮೂರನೆಯ ಎಕರೆಯ ಕೊನೆಯ ಸಾಲು ಕ್ರಿಯೆಗೂ ಕೊನೆಯಾಯಿತು. ಈಗ ತಾಸಿನ ರೂಪಗಳನ್ನು ಅದಲುಬದಲು ಮಾಡಿ ನೋಡಿ. "ಎರಡು ದಿನ ಮೂರು ಎಕರೆ ಭತ್ತ ಕೊಯ್ದರು" ಎಂದರೆ ಕೇಳುವವರು ದಿನಕ್ಕೆ ಮೂರರಂತೆ ಒಟ್ಟು ಆರು ಎಕರೆ ಎಂದು ಲೆಕ್ಕ ಹಾಕುತ್ತಾರೆ. ವಾಕ್ಯ ಉಳಿಯಿತು, ಆದರೆ ಅರ್ಥ ಬದಲಾಯಿತು. ಕೂಲಿ ಕೊಡುವವರಿಗೆ ಇದು ವ್ಯಾಕರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ದ್ವಿತೀಯಾ ಪ್ರತ್ಯಯ ಹಚ್ಚಿದರೆ ಏನಾಗುತ್ತದೆ? "ಭತ್ತವನ್ನು ಕೊಯ್ದರು" ಎಂದಾಗ ಮಾತನಾಡುವವರ ಮನಸ್ಸಿನಲ್ಲಿ ಒಂದು ಗೊತ್ತಾದ ಹೊಲದ ಭತ್ತವಿರುತ್ತದೆ. ಆದ್ದರಿಂದ "ಎರಡು ದಿನದಲ್ಲಿ ಆ ಭತ್ತವನ್ನು ಕೊಯ್ದರು" ಚೆನ್ನಾಗಿ ಒಗ್ಗುತ್ತದೆ. ಆದರೆ "ಎರಡು ದಿನ ಆ ಭತ್ತವನ್ನು ಕೊಯ್ದರು" ಎಂಬುದನ್ನು ತಪ್ಪೆನ್ನಲಾಗದು. "-ಅನ್ನು" ಒಂದು ಗಡಿಯನ್ನು ಸೂಚಿಸುತ್ತದೆ, ಆ ಗಡಿ ಮುಟ್ಟಲೇಬೇಕೆಂದು ಹಟ ಹಿಡಿಯುವುದಿಲ್ಲ. ಸಂಖ್ಯೆಯಾದರೋ ಹಟ ಹಿಡಿಯುತ್ತದೆ.

ಗೋಡೆಯ ವಾಕ್ಯದ ತಪ್ಪು ಯಾಕೆ ಎದ್ದು ಕಾಣುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಕನ್ನಡದ ಸರಳ ಭೂತಕಾಲವು ಕೆಲಸ ಮುಗಿದಿದೆ ಎಂದು ಯಾವಾಗಲೂ ಭರವಸೆ ಕೊಡುವುದಿಲ್ಲ. "ಆ ಪುಸ್ತಕ ಓದಿದೆ, ಆದರೆ ಮುಗಿಯಲಿಲ್ಲ" ಎಂದು ನಾವು ಸಹಜವಾಗಿ ಹೇಳುತ್ತೇವೆ. ಆದ್ದರಿಂದ "ಒಂದು ತಾಸು ಆ ಪುಸ್ತಕ ಓದಿದೆ" ಎಂಬುದೂ ಸಹಜ. "ಎರಡು ರೊಟ್ಟಿ ತಿಂದೆ, ಆದರೆ ಮುಗಿಯಲಿಲ್ಲ" ಎಂದರೆ ಮಾತ್ರ ಎದುರಿನವರು ತಟ್ಟೆ ನೋಡುತ್ತಾರೆ. ಹೀಗಾಗಿ ಕನ್ನಡದಲ್ಲಿ ಕಾರ್ಯಪೂರ್ತಿಯನ್ನು ಪರೀಕ್ಷಿಸುವಾಗ "ಎರಡೂ ರೂಪಗಳಿಗೆ ಒಗ್ಗಿತು, ಪರೀಕ್ಷೆ ಸೋತಿತು" ಎಂದು ಕೈಬಿಡಬೇಡಿ. "ತಾಸಿನಲ್ಲಿ" ಒಗ್ಗುತ್ತದೆಯೇ ಎಂಬುದಕ್ಕೆ ಹೆಚ್ಚು ತೂಕ ಕೊಡಿ, ನಂತರ "ಆದರೆ ಮುಗಿಯಲಿಲ್ಲ" ಎಂದು ಸೇರಿಸಿ ನೋಡಿ.

ಕೆಲವರು ಕೊನೆಯನ್ನು ಗಟ್ಟಿಮಾಡಲು "ಓದಿಬಿಟ್ಟ" ಎಂಬಂಥ ರೂಪ ಬಳಸುತ್ತಾರೆ. ಬಿಡು ನಂಬಿಕಸ್ಥ ಸಾಕ್ಷಿಯಲ್ಲ. "ಬಸ್ಸಿನಲ್ಲಿ ಒಂದು ತಾಸು ನಿದ್ದೆ ಮಾಡಿಬಿಟ್ಟೆ" ಎಂಬಲ್ಲಿ ಮುಗಿಯುವ ಮಾತಿಲ್ಲ, ಅನುದ್ದೇಶವಾಗಿ ಆಗಿಹೋಯಿತು ಎಂಬ ಪೇಚಾಟವಷ್ಟೇ ಇದೆ. ಕೊನೆ ಬೇಕಾದರೆ "ಓದಿ ಮುಗಿಸಿದ" ಎನ್ನಿ.

ಒಂದು ಕ್ರಿಯಾಪದ, ನಾಲ್ಕು ವರ್ಗ: "ಬರು"

ಈಗ ಮೊದಲಿನ ಮಳೆಗೂ ಬಸ್ಸಿಗೂ ಲೆಕ್ಕ ಚುಕ್ತಾ ಮಾಡಬಹುದು. ನಿಘಂಟಿನಿಂದ ಕ್ರಿಯಾಪದಗಳ ಪಟ್ಟಿ ತೆಗೆದು, ಪ್ರತಿಯೊಂದರ ಎದುರು ವರ್ಗ ಬರೆಯಲು ಹೊರಟವರು "ಬರು" ಎಂಬಲ್ಲಿ ಸಿಕ್ಕಿಬೀಳುತ್ತಾರೆ.

ಬಸ್ಸಿನಿಂದ ಶುರುಮಾಡೋಣ. "ಹತ್ತು ನಿಮಿಷದಲ್ಲಿ ಬಸ್ ಬಂತು" ಸರಿ. "* ಹತ್ತು ನಿಮಿಷ ಬಸ್ ಬಂತು" ಇಲ್ಲ. ಮೊದಲ ಹೆಜ್ಜೆಯಲ್ಲೇ ಕೊನೆಯುಳ್ಳದ್ದು ಎಂದು ತಿಳಿಯಿತು. ಮೂರನೆಯ ಹೆಜ್ಜೆ: ಆ ಹತ್ತು ನಿಮಿಷ ಏನು ನಡೆಯುತ್ತಿತ್ತು? ನಾವು ಕಾಯುತ್ತಿದ್ದೆವು. "ಅರ್ಧ ಬಸ್ ಬಂತು" ಎನ್ನಲಾಗದು. ಹಾಗಾದರೆ ಕ್ಷಣಘಟನೆ. ಬಸ್ ಎಲ್ಲೋ ದೂರದಿಂದ ಓಡುತ್ತಲೇ ಇತ್ತು, ನಿಜ. ಆದರೆ ಈ ವಾಕ್ಯ ಆ ಓಟವನ್ನು ಹೇಳುತ್ತಿಲ್ಲ. ನಮ್ಮ ಕಣ್ಣೆದುರು ನಿಂತ ಗಳಿಗೆಯನ್ನು ಹೇಳುತ್ತಿದೆ.

ಮಳೆ. "ಒಂದು ತಾಸು ಮಳೆ ಬಂತು." ಆ ತಾಸು ಪೂರ್ತಿ ಹನಿ ಬೀಳುತ್ತಲೇ ಇತ್ತು. ಯಾವ ಗಳಿಗೆಯಲ್ಲಿ ತಡೆದು ಕೇಳಿದರೂ "ಮಳೆ ಬಂದಿದೆ" ಎನ್ನಬಹುದು. ವರ್ತಮಾನದಲ್ಲಿ ಈ ಕ್ಷಣಕ್ಕೆ "ಮಳೆ ಬರುತ್ತಿದೆ" ಬೇಕು. "ಮಳೆ ಬರುತ್ತದೆ" ಎಂದರೆ ಮುಂದಿನ ಮಾತು. ಚಟುವಟಿಕೆ. ಆದರೆ ಅದೇ ಮಳೆಗೆ "ಒಂದು ತಾಸಿನಲ್ಲಿ" ಸೇರಿಸಿದರೂ ವಾಕ್ಯ ನಿಲ್ಲುತ್ತದೆ: "ಮೋಡ ಕವಿದ ಒಂದು ತಾಸಿನಲ್ಲಿ ಮಳೆ ಬಂತು." ಈಗ ತಾಸು ಅಳೆಯುತ್ತಿರುವುದು ಮಳೆಗೆ ಮುಂಚಿನ ಸೆಕೆಯನ್ನು. "ಬಂತು" ಎಂಬುದು "ಶುರುವಾಯಿತು" ಎಂಬ ಅರ್ಥಕ್ಕೆ ಜಾರಿತು, ಕ್ಷಣಘಟನೆಯಾಯಿತು. ಎರಡೂ ಒಗ್ಗಿದವು ಎಂದು ಗುರುತು ಹಾಕಿ ಮುಂದೆ ಹೋದರೆ ಈ ಭೇದ ಕೈತಪ್ಪುತ್ತದೆ. ಒಗ್ಗುತ್ತದೆಯೇ ಎಂದಲ್ಲ, ಯಾವ ಅರ್ಥದಲ್ಲಿ ಒಗ್ಗುತ್ತದೆ ಎಂದು ಕೇಳಬೇಕು.

ಭಾಷೆ. ಬಳ್ಳಾರಿ, ರಾಯಚೂರಿನಲ್ಲಿ ಸಾಮಾನ್ಯ ಮಾತು: "ಅವರಿಗೆ ತೆಲುಗು ಬರುತ್ತದೆ." ಈ ಕ್ಷಣದ ಮಾತು, "-ಉತ್ತಿದೆ" ಬೇಕಿಲ್ಲ. "ಏನು ಮಾಡುತ್ತಾರೆ?" ಎಂಬುದಕ್ಕೆ ಇದು ಉತ್ತರವಲ್ಲ. ಕರ್ತೃ ಚತುರ್ಥಿಯಲ್ಲಿದೆ, "ಗೊತ್ತು" ಎಂಬಲ್ಲಿ ಇದ್ದಂತೆಯೇ. ಇದು ಸ್ಥಿತಿ. ಭೂತಕಾಲಕ್ಕೆ ತಂದರೆ ರೂಪ "ಬರುತ್ತಿತ್ತು" ಎಂದಾಗುತ್ತದೆ: "ಚಿಕ್ಕಂದಿನಲ್ಲಿ ಐದಾರು ವರ್ಷ ನನಗೆ ತೆಲುಗು ಬರುತ್ತಿತ್ತು." ಸರಳ ಭೂತವನ್ನೇ ಬಳಸಿ ಎಂದ ಮೇಲಿನ ನಿಯಮ ಇಲ್ಲಿ ಸಲ್ಲದು, ಏಕೆಂದರೆ ಸರಳ ಭೂತ ಈ ಸ್ಥಿತಿಯನ್ನು ಹೇಳುವುದೇ ಇಲ್ಲ. "ಆರು ತಿಂಗಳಲ್ಲಿ ಅವಳಿಗೆ ತೆಲುಗು ಬಂತು" ಎಂದರೆ ಕಲಿತು ಆ ಮಟ್ಟ ಮುಟ್ಟಿದಳು ಎಂದು. ಸ್ಥಿತಿಯ ಬಾಗಿಲು ದಾಟಿದ ಗಳಿಗೆ ಅದು.

ಇನ್ನು ಕಾರ್ಯಪೂರ್ತಿ. "ಆನೆಗುಂದಿಯಿಂದ ಗಂಗಾವತಿಗೆ ಮೂರು ತಾಸಿನಲ್ಲಿ ನಡೆದು ಬಂದ." ಇಲ್ಲಿ "ಬಂದ" ಒಂದೇ ನಿಂತಿಲ್ಲ, "ನಡೆದು" ಎಂಬುದು ಉದ್ದವನ್ನು ತಂದಿದೆ, "ಗಂಗಾವತಿಗೆ" ಎಂಬುದು ಕೊನೆಯನ್ನು ತಂದಿದೆ. ಮೂರು ತಾಸೂ ನಡಿಗೆಯಿಂದ ತುಂಬಿವೆ. "ಅರ್ಧ ದಾರಿ ನಡೆದು ಬಂದ" ಎಂದು ಹೇಳಬಹುದು. "* ಮೂರು ತಾಸು ಗಂಗಾವತಿಗೆ ನಡೆದು ಬಂದ" ಎಂಬುದು ತೊಡಕಿನದು. "ಮೂರು ತಾಸು ನಡೆದು ಗಂಗಾವತಿಗೆ ಬಂದ" ಎಂದು ತಾಸನ್ನು ನಡಿಗೆಯ ಪಕ್ಕಕ್ಕೆ ಸರಿಸಿದರೆ ತಕ್ಷಣ ಸರಿಹೋಗುತ್ತದೆ. ತಾಸು ವಾಕ್ಯದಲ್ಲಿ ಯಾವ ಕ್ರಿಯೆಗೆ ಅಂಟಿಕೊಂಡಿದೆ ಎಂಬುದನ್ನು ಗಮನಿಸದೆ ಪರೀಕ್ಷೆ ಮಾಡುವುದು ವ್ಯರ್ಥ.

ನಾಲ್ಕು ವರ್ಗಗಳಿಗೂ ಒಂದೇ ಧಾತು ಸಾಲುವುದಾದರೆ, ವರ್ಗ ಎಂಬುದು ಕ್ರಿಯಾಪದದ ಗುಣವಲ್ಲ, ಕರ್ತೃ, ಕರ್ಮ, ಗುರಿಗಳೆಲ್ಲ ಸೇರಿದ ಪದಗುಚ್ಛದ ಗುಣ ಎಂದಾಯಿತು. "ಲೆಕ್ಸಿಕಲ್" ಎಂಬ ವಿಶೇಷಣ ಈ ದೃಷ್ಟಿಯಿಂದ ಸ್ವಲ್ಪ ದಾರಿತಪ್ಪಿಸುವಂಥದ್ದೇ.

ಒಗ್ಗಬಾರದ್ದು ಒಗ್ಗಿದಾಗ

"ಒಂದು ತಾಸು ಕರೆಂಟು ಹೋಯಿತು." ಪಕ್ಕದ ಶಕ್ತಿನಗರದಲ್ಲಿ ವಿದ್ಯುತ್ ತಯಾರಾದರೂ ರಾಯಚೂರಿನವರಿಗೆ ಈ ವಾಕ್ಯ ಅಪರಿಚಿತವಲ್ಲ. ಹೋಗುವುದು ಒಂದು ಗಳಿಗೆಯ ಕೆಲಸ, ಕ್ಷಣಘಟನೆ. ಆದರೂ ಬರೀ ತಾಸು ಒಗ್ಗಿತು. ಏನನ್ನು ಅಳೆಯುತ್ತಿದೆ ಎಂದು ಕೇಳಿ: ಕತ್ತಲೆಯನ್ನು. "ಒಂದು ತಾಸು ಕರೆಂಟು ಇರಲಿಲ್ಲ" ಎಂದು ಬದಲಿಸಿದರೆ ಅರ್ಥ ಕೆಡುವುದಿಲ್ಲ. ಹೀಗೆ ಸ್ಥಿತಿಯ ವಾಕ್ಯದಿಂದ ಬದಲಿಸಲು ಬಂದರೆ, ತಾಸು ಅಳೆಯುತ್ತಿರುವುದು ಫಲಿತಾಂಶವನ್ನು ಎಂದು ಬರೆದುಕೊಳ್ಳಿ. ಕ್ರಿಯೆಯ ವರ್ಗ ಬದಲಿಸಬೇಡಿ. "ಎರಡು ದಿನ ಊರಿಗೆ ಹೋದ" ಎಂಬುದೂ ಇದೇ ಜಾತಿಯದು. ಎರಡು ದಿನ ದಾರಿಯಲ್ಲಿ ಕಳೆದಿಲ್ಲ, ಊರಿನಲ್ಲಿ ಕಳೆದಿದೆ.

ಇದಕ್ಕೆ ಎದುರಿನ ದಿಕ್ಕಿನದು: "ಫೋನ್ ಮಾಡಿದೆ, ಅರ್ಧ ತಾಸಿನಲ್ಲಿ ಮನೆಯಲ್ಲಿದ್ದ." ಮನೆಯಲ್ಲಿರುವುದು ಸ್ಥಿತಿ, ಅದಕ್ಕೆ "ತಾಸಿನಲ್ಲಿ" ಒಗ್ಗಬಾರದು. ಆದರೆ ಕೇಳುವವರು "ಇದ್ದ" ಎಂಬುದನ್ನು "ಬಂದು ಮುಟ್ಟಿದ" ಎಂದು ತಾವೇ ತಿದ್ದಿಕೊಳ್ಳುತ್ತಾರೆ. ಇಂಥ ತಿದ್ದುಪಡಿ ನಡೆದಿದೆ ಎಂಬುದಕ್ಕೆ ಗುರುತು, ಎಣಿಕೆ ಶುರುವಾಗುವ ಒಂದು ಬಿಂದು ಹಿಂದಿನ ಮಾತಿನಲ್ಲಿ ಇರಲೇಬೇಕಾಗುತ್ತದೆ. ಫೋನಿನ ಮಾತನ್ನು ತೆಗೆದುಹಾಕಿ; "ಅರ್ಧ ತಾಸಿನಲ್ಲಿ ಮನೆಯಲ್ಲಿದ್ದ" ಎಂಬುದು ಒಂಟಿಯಾಗಿ ಕುಂಟುತ್ತದೆ.

ಪುನರಾವರ್ತನೆಯೂ ಹೀಗೆ ಮೋಸ ಮಾಡುತ್ತದೆ. "ಮೂರು ದಿನ ಗವಿಸಿದ್ಧೇಶ್ವರ ಜಾತ್ರೆಗೆ ಹೋದೆವು" ಎಂದರೆ ದಿನಕ್ಕೊಂದು ಸಲ ಹೋದೆವು. "ಮೂರು ದಿನ ಭತ್ತದ ಲಾರಿಗಳು ಬಂದವು" ಎಂದರೆ ಒಂದರ ಹಿಂದೊಂದು. ಒಂದೊಂದು ಬರುವಿಕೆಯೂ ಕ್ಷಣಘಟನೆ, ಸಾಲು ಮಾತ್ರ ಚಟುವಟಿಕೆಯಂತೆ ವರ್ತಿಸುತ್ತದೆ. ಬಹುವಚನವನ್ನು ಏಕವಚನಕ್ಕೆ ಇಳಿಸಿ, ದಿನದ ಬದಲು ತಾಸು ಇಟ್ಟರೆ ಸಾಲು ಕಳಚಿಬೀಳುತ್ತದೆ. "ಕೆಮ್ಮಿದ", "ಬಾಗಿಲು ತಟ್ಟಿದ" ಎಂಬವು ಮೊದಲೇ ಸಾಲಾಗಿ ಬರುವಂಥವು. "ಒಂದು ತಾಸು ಕೆಮ್ಮಿದ" ಎಂದರೆ ಒಂದೇ ಉದ್ದನೆಯ ಕೆಮ್ಮಲ್ಲ. ಇವುಗಳಿಗೆ ವೆಂಡ್ಲರ್ ಬೇರೆ ಖಾನೆ ಮಾಡಲಿಲ್ಲ. ಸೆಮೆಲ್‌ಫ್ಯಾಕ್ಟಿವ್ ಎಂಬ ಐದನೆಯ ಹೆಸರು ನಂತರ ಬಳಕೆಗೆ ಬಂತು.

ಬೇರೆಯವರನ್ನು ಕೇಳಿ ಉದಾಹರಣೆ ಕೂಡಿಸುವುದಾದರೆ "ಈ ವಾಕ್ಯ ಸರಿಯೇ?" ಎಂದು ಮಾತ್ರ ಕೇಳಬೇಡಿ. ಹಳ್ಳಿಯ ಹಿರಿಯರು ಸೌಜನ್ಯಕ್ಕೆ ಎಲ್ಲದಕ್ಕೂ ಹೌದು ಎನ್ನುತ್ತಾರೆ, ಕಾಲೇಜಿನವರು ಬರಹದ ಕನ್ನಡವನ್ನು ನೆನೆದು ಎಲ್ಲದಕ್ಕೂ ಇಲ್ಲ ಎನ್ನುತ್ತಾರೆ. ವಾಕ್ಯ ಹೇಳಿ, "ಆ ತಾಸು ಪೂರ್ತಿ ಏನು ನಡೆಯುತ್ತಿತ್ತು?" ಎಂದು ಕೇಳಿ. "ಕಾಯುತ್ತಿದ್ದರು" ಎಂದೋ "ಕತ್ತಲೆಯಿತ್ತು" ಎಂದೋ "ಕೊಯ್ಯುತ್ತಿದ್ದರು" ಎಂದೋ ಉತ್ತರ ಬರುತ್ತದೆ. ವರ್ಗ ಆ ಉತ್ತರದಲ್ಲೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ 'ಒಣಗು', 'ಬೆಳೆ', 'ಕಾಯು' (ನೀರು ಬಿಸಿಯಾಗುವ ಅರ್ಥದಲ್ಲಿ) ಮುಂತಾದ ಕೆಲವು ಕ್ರಿಯೆಗಳು ಒಂದು ಖಾನೆಯಲ್ಲಿ ಕೂರುವುದಿಲ್ಲ. "ಮೆಣಸಿನಕಾಯಿ ನಾಲ್ಕು ದಿನದಲ್ಲಿ ಒಣಗಿತು" ಎಂದರೆ ಚೀಲಕ್ಕೆ ತುಂಬುವಷ್ಟು ಒಣಗಿತು. "ನಾಲ್ಕು ದಿನ ಒಣಗಿತು, ಇನ್ನೂ ಹಸಿಯಿದೆ" ಎಂದರೂ ತಪ್ಪಿಲ್ಲ. ಇಲ್ಲಿ ಫಲಿತಾಂಶ ಮಾತ್ರ ಅಳತೆಗೆ ಸಿಕ್ಕಿದೆ, ಪುನರಾವರ್ತನೆ ಆಗಿದೆ, ಅರ್ಥ ಜಾರಿದೆ ಎಂಬ ಯಾವ ನೆಪವೂ ಇಲ್ಲ; ಎರಡು ಸಲವೂ ಅಳೆದದ್ದು ಒಣಗುವುದನ್ನೇ. ಕಾರಣವೆಂದರೆ ಒಣಗುವುದು ಮಟ್ಟದಿಂದ ಮಟ್ಟಕ್ಕೆ ಏರುವ ಬದಲಾವಣೆ. ಎಷ್ಟು ಒಣಗಿದರೆ ಒಣಗಿದಂತೆ ಎಂಬ ಗಡಿ ಪದದೊಳಗಿಲ್ಲ. ಅದನ್ನು ಕೇಳುವವರು ಸಂದರ್ಭದಿಂದ ತಂದುಕೊಳ್ಳಬೇಕು. ಮಾರುಕಟ್ಟೆಗೆ ಒಯ್ಯುವವರಿಗೆ ಒಂದು ಗಡಿ, ಮನೆಯಲ್ಲಿ ಖಾರದ ಪುಡಿ ಕುಟ್ಟುವವರಿಗೆ ಇನ್ನೊಂದು. ಇಂಥ ಕ್ರಿಯೆಗಳ ಎದುರು ಒಂದೇ ವರ್ಗ ಬರೆಯಬೇಕೆಂಬ ಒತ್ತಾಯ ಬೇಡ. "ಪೂರ್ತಿ" ಎಂಬ ಪದ ಸೇರಿಸಿ ನೋಡಿ: "ನಾಲ್ಕು ದಿನದಲ್ಲಿ ಪೂರ್ತಿ ಒಣಗಿತು" ಗಟ್ಟಿಯಾಗಿ ನಿಲ್ಲುತ್ತದೆ, "* ನಾಲ್ಕು ದಿನ ಪೂರ್ತಿಯಾಗಿ ಒಣಗಿತು" ನಿಲ್ಲುವುದಿಲ್ಲ. ಗಡಿ ಹೊರಗಿನಿಂದ ಬಂದಾಗ ಕಾರ್ಯಪೂರ್ತಿ, ಬರದಿದ್ದಾಗ ಚಟುವಟಿಕೆ ಎಂದು ಎರಡನ್ನೂ ಬರೆದುಕೊಳ್ಳಿ.